ವ್ಯವಸ್ಥಾಪಕರ ಬಯೋಡೇಟಾ: ಸಿಬ್ಬಂದಿ ಸಂಖ್ಯೆ, ಆಯವ್ಯಯ ಮತ್ತು ಅಧಿಕಾರದ ವ್ಯಾಪ್ತಿ

ಸಣ್ಣ ಕೈಗಾರಿಕೆಯೊಂದು ಉತ್ಪಾದನಾ ವ್ಯವಸ್ಥಾಪಕರ ಹುದ್ದೆಗೆ ಅರ್ಜಿ ಆಹ್ವಾನಿಸಿದಾಗ ಬರುವ ಬಯೋಡೇಟಾಗಳಲ್ಲಿ ಬಹುಪಾಲು ಒಂದೇ ಬಗೆಯ ವಾಕ್ಯಗಳಿರುತ್ತವೆ. ‘ದೊಡ್ಡ ತಂಡವನ್ನು ಮುನ್ನಡೆಸಿದ ಅನುಭವವಿದೆ’, ‘ಸಂಪೂರ್ಣ ಉತ್ಪಾದನೆಯ ಹೊಣೆ ಹೊತ್ತಿದ್ದೆ’ ಎಂಬಂಥವು. ಹುದ್ದೆಯು ಯಂತ್ರಗಳಿಗಿಂತ ಹೆಚ್ಚಾಗಿ ಜನರನ್ನು ನಡೆಸುವುದಕ್ಕೆ ಸಂಬಂಧಿಸಿದ್ದಾದರೆ, ಇಂತಹ ವಾಕ್ಯಗಳ ಹಿಂದೆ ಮೂರು ಸಂಗತಿಗಳನ್ನು ಹುಡುಕಬೇಕಾಗುತ್ತದೆ: ಅಭ್ಯರ್ಥಿಯ ಕೈಕೆಳಗೆ ನಿಜವಾಗಿ ಎಷ್ಟು ಜನರಿದ್ದರು, ಎಷ್ಟು ಹಣದ ಮೇಲೆ ಅವರಿಗೆ ಹಿಡಿತವಿತ್ತು, ಯಾವ ನಿರ್ಣಯಗಳು ಅವರ ಸಹಿಯಿಂದಲೇ ಆಗುತ್ತಿದ್ದವು.

ಇದಕ್ಕೆ ಮೊದಲು ಉದ್ಯಮಿಯು ತನ್ನ ಜಾಹೀರಾತನ್ನೇ ಸರಿಪಡಿಸಿಕೊಳ್ಳುವುದು ಲೇಸು. ‘ನಾಯಕತ್ವ ಗುಣವುಳ್ಳವರು ಬೇಕು’ ಎಂದು ಬರೆದವರಿಗೆ ಯಾವ ಬಯೋಡೇಟಾವನ್ನೂ ತೂಗಿ ನೋಡಲು ಅಳತೆಗೋಲೇ ಇರುವುದಿಲ್ಲ. ಉದಾಹರಣೆಗೆ, ಬಿಡಿಭಾಗಗಳನ್ನು ತಯಾರಿಸುವ ಒಂದು ಘಟಕದ ಅಗತ್ಯ ಹೀಗಿದೆಯೆಂದು ಇಟ್ಟುಕೊಳ್ಳಬಹುದು: ಎರಡು ಪಾಳಿ, 4 ಮಂದಿ ಮೇಲ್ವಿಚಾರಕರು, 70 ಕಾರ್ಮಿಕರು, ವೇತನವೂ ಸೇರಿ ವಾರ್ಷಿಕ ಸುಮಾರು 2.5 ಕೋಟಿ ರೂಪಾಯಿಗಳ ವಿಭಾಗೀಯ ವೆಚ್ಚ. ನೇಮಕಾತಿ, ರಜೆ, ಓವರ್‌ಟೈಮ್ ಮತ್ತು ಶಿಸ್ತುಕ್ರಮಗಳ ನಿರ್ಣಯ ವ್ಯವಸ್ಥಾಪಕರದೇ.

ಮೊದಲನೆಯ ಅಭ್ಯರ್ಥಿ ‘110 ಜನರ ತಂಡ, 45 ಲಕ್ಷದ ಆಯವ್ಯಯ’ ಎಂದು ಬರೆದಿದ್ದಾರೆ. ಹುದ್ದೆಗೆ ಬೇಕಾದುದಕ್ಕಿಂತ ದೊಡ್ಡ ತಂಡವಿದು ಎಂದು ಸಂತೋಷಪಡುವ ಮೊದಲು ಈ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲೊಂದು ಇಡಬೇಕು. ಒಬ್ಬ ಕಾರ್ಮಿಕನಿಗೆ ತಿಂಗಳಿಗೆ 20,000 ರೂಪಾಯಿ ಎಂದು ಹಿಡಿದರೂ 110 ಜನರ ವಾರ್ಷಿಕ ವೇತನವೇ 2.64 ಕೋಟಿಯಾಗುತ್ತದೆ. ಅಂದರೆ ಅವರು ಹೇಳುವ 45 ಲಕ್ಷದಲ್ಲಿ ವೇತನ ಸೇರಿರಲು ಸಾಧ್ಯವಿಲ್ಲ. ಅಂಕಿ ಸುಳ್ಳೆಂದು ಇದರಿಂದ ಹೇಳಲಾಗದು; ಆದರೆ ಅದು ಬೇರೆ ಯಾವುದೋ ಖಾತೆಯ ಅಂಕಿಯೆಂಬುದು ಖಚಿತ.

ದೂರವಾಣಿಯಲ್ಲಿ ವಿಚಾರಿಸಿದಾಗ ಚಿತ್ರ ಸ್ಪಷ್ಟವಾಗುತ್ತದೆ. 110 ಎಂಬುದು ಇಡೀ ಉತ್ಪಾದನಾ ವಿಭಾಗದ ಸಂಖ್ಯೆ. ಅದರಲ್ಲಿ 60 ಜನ ಇನ್ನೊಂದು ಪಾಳಿಯವರು. ಅವರಿಗೆ ಬೇರೆ ಮುಖ್ಯಸ್ಥರಿದ್ದರು. ಉಳಿದ 50 ಜನರಲ್ಲಿ 38 ಮಂದಿ ಗುತ್ತಿಗೆ ಕಾರ್ಮಿಕರು. ಅವರ ನೇಮಕ, ಹಾಜರಿ, ರಜೆಗಳನ್ನು ಗುತ್ತಿಗೆದಾರರೇ ನೋಡಿಕೊಳ್ಳುತ್ತಿದ್ದರು. ನೇರವಾಗಿ ಇವರಿಗೆ ಉತ್ತರದಾಯಿಗಳಾಗಿದ್ದವರು 12 ಜನ ಮಾತ್ರ. 45 ಲಕ್ಷವು ಕತ್ತರಿಸುವ ಉಪಕರಣಗಳ ಮತ್ತು ಕೂಲೆಂಟ್‌ನ ವಾರ್ಷಿಕ ಖರೀದಿ. ಅದಕ್ಕೆ ಇವರು ಇಂಡೆಂಟ್ ಬರೆಯುತ್ತಿದ್ದರು, ಮಂಜೂರಾತಿ ಕಾರ್ಖಾನೆಯ ಮುಖ್ಯಸ್ಥರದು. ಇವರ ಸ್ವಂತ ಸಹಿಗೆ ಇದ್ದ ಮಿತಿ 10,000 ರೂಪಾಯಿ. ಬೇಡಿಕೆ ಬರೆಯುವುದು, ಮಂಜೂರು ಮಾಡುವುದು, ವರ್ಷಾಂತ್ಯದಲ್ಲಿ ವ್ಯತ್ಯಾಸಕ್ಕೆ ಉತ್ತರ ಹೇಳುವುದು ಇವು ಮೂರು ಬೇರೆ ಬೇರೆ ಕೆಲಸಗಳು. ಬಯೋಡೇಟಾದಲ್ಲಿ ಮೂರಕ್ಕೂ ‘ನಿರ್ವಹಣೆ’ ಎಂಬ ಒಂದೇ ಪದ.

ಎರಡನೆಯ ಅಭ್ಯರ್ಥಿಯ ಬಯೋಡೇಟಾ ಮೇಲ್ನೋಟಕ್ಕೆ ಸಾಧಾರಣವಾದುದು: 2 ಮೇಲ್ವಿಚಾರಕರು, 26 ಕಾರ್ಮಿಕರು. ಆಯವ್ಯಯದ ಪ್ರಸ್ತಾಪವೇ ಇಲ್ಲ. ಆದರೆ ಒಂದು ವರ್ಷದಲ್ಲಿ 9 ಜನರನ್ನು ಸಂದರ್ಶಿಸಿ ನೇಮಿಸಿಕೊಂಡದ್ದು, ಇಬ್ಬರೂ ಮೇಲ್ವಿಚಾರಕರ ವಾರ್ಷಿಕ ಮೌಲ್ಯಮಾಪನ ಬರೆದದ್ದು, ತಿಂಗಳ ಓವರ್‌ಟೈಮ್ 400 ಗಂಟೆಗಳಿಂದ 250ಕ್ಕೆ ಇಳಿದದ್ದು ಅದರಲ್ಲಿದೆ. ಇವು ಅಧಿಕಾರವಿಲ್ಲದೆ ಆಗುವ ಕೆಲಸಗಳಲ್ಲ. ಮೇಲಾಗಿ ಇವರು ಮೇಲ್ವಿಚಾರಕರ ಮೂಲಕ ಕೆಲಸ ತೆಗೆದವರು. 4 ಮೇಲ್ವಿಚಾರಕರಿರುವ ಹುದ್ದೆಗೆ ಬೇಕಾದುದು ಇದೇ ಅಭ್ಯಾಸ. ಹನ್ನೆರಡು ಜನರ ಬಳಿಗೆ ತಾನೇ ನಡೆದು ಹೋಗಿ ಹೇಳಿದವರಿಗೆ ಅದು ಹೊಸತು.

ಹಾಗೆಂದು ಎರಡನೆಯವರ ಆಯ್ಕೆ ಮುಗಿದಂತೆ ಭಾವಿಸಲಾಗದು. 28 ಜನರಿಂದ 74 ಜನರಿಗೆ ಏರುವುದು ಸಣ್ಣ ಹೆಜ್ಜೆಯಲ್ಲ. ಓವರ್‌ಟೈಮ್ ಇಳಿದದ್ದು ಆರ್ಡರುಗಳ ಕೊರತೆಯಿಂದಲೂ ಇರಬಹುದು. ಅದೇ ಅವಧಿಯ ಉತ್ಪಾದನೆ ಎಷ್ಟಿತ್ತೆಂದು ಕೇಳಿದರೆ ಈ ಸಂದೇಹ ಪರಿಹಾರವಾಗುತ್ತದೆ. ಆಯವ್ಯಯದ ಕಾಲಂ ಖಾಲಿಯಿರುವುದನ್ನು ಮಾತ್ರ ಅನುಭವವಿಲ್ಲವೆಂದು ಓದಬಾರದು. ಅನೇಕ ಕುಟುಂಬ ಸಂಸ್ಥೆಗಳಲ್ಲಿ ಲೆಕ್ಕದ ಅಂಕಿಗಳನ್ನು ವ್ಯವಸ್ಥಾಪಕರಿಗೆ ತೋರಿಸುವ ಪದ್ಧತಿಯೇ ಇಲ್ಲ. (ತಮ್ಮಲ್ಲಿಯೂ ಹಾಗೆಯೇ ನಡೆದಿದೆಯೇ ಎಂದು ಸಂದರ್ಶಿಸುವ ಉದ್ಯಮಿಗಳು ಒಮ್ಮೆ ನೋಡಿಕೊಳ್ಳಬಹುದು.)

ಸಂದರ್ಶನದಲ್ಲಿ ಇಬ್ಬರಿಗೂ ಕೇಳಬೇಕಾದ ಪ್ರಶ್ನೆಗಳು ಸರಳವಾದವು. ನಿಮಗೆ ನೇರವಾಗಿ ವರದಿ ಮಾಡುತ್ತಿದ್ದವರ ಹುದ್ದೆಗಳಾವುವು? ಅವರಲ್ಲೊಬ್ಬರ ವೇತನ ಹೆಚ್ಚಳಕ್ಕೆ ಶಿಫಾರಸು ಮಾಡಿದವರು ಯಾರು? ಯಾರಿಗಾದರೂ ಎಚ್ಚರಿಕೆಯ ಪತ್ರ ನೀಡಬೇಕಾಗಿ ಬಂದಾಗ ಸಹಿ ಯಾರದಾಗಿತ್ತು? ಕೆಲಸ ಮಾಡಿದವರು ಇದಕ್ಕೆ ವಿವರಗಳೊಂದಿಗೆ ಉತ್ತರಿಸುತ್ತಾರೆ. ಉಳಿದವರ ಉತ್ತರದಲ್ಲಿ ‘ನಾವು’ ಎಂಬ ಪದ ಪದೇ ಪದೇ ಬರುತ್ತದೆ. ಅವರು ಹೇಳಿದ ಅಂಕಿಗಳನ್ನು ಬಯೋಡೇಟಾದ ಅಂಚಿನಲ್ಲೇ ಬರೆದಿಟ್ಟು, ಅಭ್ಯರ್ಥಿಯ ಒಪ್ಪಿಗೆ ಪಡೆದು, ಹಿಂದಿನ ಸಂಸ್ಥೆಯ ಮೇಲಧಿಕಾರಿಯೊಬ್ಬರಿಂದ ಮೊದಲ ಎರಡನ್ನಾದರೂ ದೃಢಪಡಿಸಿಕೊಂಡ ನಂತರವೇ ನೇಮಕಾತಿ ಪತ್ರ ಸಿದ್ಧಪಡಿಸತಕ್ಕದ್ದು.