ಕಿಡ್ನಿಯಲ್ಲಿ ಗಾಳಿ, ಮೂತ್ರನಾಳದಲ್ಲಿ ಕಲ್ಲು

ಮೂತ್ರದ ಸೋಂಕು ಎಂದರೆ ನಮ್ಮ ಜನ ಅಷ್ಟಾಗಿ ಹೆದರುವುದಿಲ್ಲ. ಉರಿಮೂತ್ರ, ಸ್ವಲ್ಪ ಜ್ವರ, ಒಂದಿಷ್ಟು ಬಾರ್ಲಿ ನೀರು, ಮೆಡಿಕಲ್ ಶಾಪಿನಲ್ಲಿ ಕೊಟ್ಟ ಐದು ದಿನದ ಮಾತ್ರೆ. ಹೆಚ್ಚಿನವರಿಗೆ ಅಷ್ಟರಲ್ಲೇ ವಾಸಿಯೂ ಆಗುತ್ತದೆ. ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಸೋಂಕು ಕಿಡ್ನಿಗೆ ಏರಿತು, ಜೊತೆಗೆ ಆ ಕಿಡ್ನಿಯಿಂದ ಮೂತ್ರ ಇಳಿಯುವ ದಾರಿಯೂ ಕಟ್ಟಿಕೊಂಡಿತು ಎಂದರೆ ಪ್ರಾಣಕ್ಕೇ ಕುತ್ತು. ಆಗ ಮಾತ್ರೆ, ಇಂಜೆಕ್ಷನ್ ಎಂದು ದಿನ ನೂಕುವಂತಿಲ್ಲ. ಒಳಗೆ ನಿಂತ ಕೀವನ್ನು ಕೆಲವೇ ಗಂಟೆಗಳಲ್ಲಿ ಹೊರಗೆ ಹರಿಸಬೇಕು.

ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗದವರೆಲ್ಲ ಕಂಡಿರುವಂಥ ಒಂದು ಉದಾಹರಣೆ ನೋಡೋಣ. ಇದು ಯಾರೋ ಒಬ್ಬರ ಕಥೆಯಲ್ಲ, ಇಂಥ ಅನೇಕರ ಕಥೆಯನ್ನು ಸೇರಿಸಿ ಕಟ್ಟಿದ್ದು. ಐವತ್ತೈದರ ಆಸುಪಾಸಿನ ಗೃಹಿಣಿ. ಹತ್ತು ಹನ್ನೆರಡು ವರ್ಷಗಳಿಂದ ಶುಗರ್ ಇದೆ. ಮಾತ್ರೆ ನುಂಗುತ್ತಾರೆ, ಆದರೆ ರಕ್ತ ಪರೀಕ್ಷೆ ಮಾಡಿಸಿ ಬಹಳ ಕಾಲವಾಗಿದೆ. ಸೋಮವಾರ ಚಳಿಜ್ವರ ಬಂತು, ಮೂತ್ರ ಮಾಡುವಾಗ ಉರಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್, ಮಾತ್ರೆ ಕೊಟ್ಟರು. ಜ್ವರ ಇಳಿಯಿತು, ರಾತ್ರಿ ಮತ್ತೆ ಏರಿತು. ಬುಧವಾರದ ಹೊತ್ತಿಗೆ ವಾಂತಿ ಶುರುವಾಗಿ ಊಟ ನಿಂತಿತು. ಊಟವಿಲ್ಲದಾಗ ಶುಗರ್ ಮಾತ್ರೆ ಯಾಕೆ ಎಂದು ಅದನ್ನೂ ಬಿಟ್ಟರು. ಎಡ ಪಕ್ಕೆಯಲ್ಲಿ ಒಂಥರಾ ಭಾರ, ಆದರೆ ಒದ್ದಾಡುವಂಥ ನೋವಿಲ್ಲ. ಗುರುವಾರ ಸಂಜೆ ಮಗ ಬಂದು ಮಾತಾಡಿಸಿದರೆ ಅಮ್ಮ ಅರೆನಿದ್ದೆಯಲ್ಲಿ ಏನೋ ಗೊಣಗಿದರು. ಬೆಳಗಿನಿಂದ ಮೂತ್ರವೇ ಸರಿಯಾಗಿ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದಾಗ ಬಿ.ಪಿ. 84/50, ನಾಡಿ 128, ಸಕ್ಕರೆ 438, ಮೂತ್ರದಲ್ಲಿ ಕೀಟೋನ್. ಕ್ರಿಯಾಟಿನಿನ್ 3.2ಕ್ಕೆ ಏರಿದೆ. ಪ್ಲೇಟ್‌ಲೆಟ್ 62,000ಕ್ಕೆ ಕುಸಿದಿದೆ. ಜ್ವರ, ಜೊತೆಗೆ ಪ್ಲೇಟ್‌ಲೆಟ್ ಕಡಿಮೆ ಎಂದ ಕೂಡಲೇ ಮನೆಯವರಿಗೆ ನೆನಪಾಗುವುದು ಡೆಂಗಿ. ವೈದ್ಯರ ಯೋಚನೆಯೂ ಕೆಲವೊಮ್ಮೆ ಅತ್ತಲೇ ಹೋಗುತ್ತದೆ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ಜ್ವರ, ಉರಿಮೂತ್ರ, ಪಕ್ಕೆ ಭಾರದ ಜೊತೆ ಪ್ಲೇಟ್‌ಲೆಟ್ ಬಿದ್ದಿದ್ದರೆ, ಕಿಡ್ನಿಯ ಸೋಂಕು ರಕ್ತಕ್ಕೆ ಹರಡಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಪಕ್ಕೆ ನೋವು ಅಷ್ಟು ಕಡಿಮೆ ಇದ್ದದ್ದೇಕೆ? ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸುತ್ತದೆ. ಪಾದದಲ್ಲಿ ಮುಳ್ಳು ಚುಚ್ಚಿದರೂ ಗೊತ್ತಾಗದ ಹಾಗೆ, ಒಳಗಿನ ಅಂಗಗಳ ನೋವೂ ಮಂಕಾಗಬಹುದು. ಅದೇ ನರದೋಷದಿಂದ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ತಳದಲ್ಲಿ ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಅಲ್ಲಿಂದ ಮೇಲಕ್ಕೆ ಹತ್ತುತ್ತವೆ. ರೋಗ ಹತ್ತಲು ದಾರಿ ಸಲೀಸು, ಅದು ಬಂದಿದೆ ಎಂದು ಹೇಳಬೇಕಾದ ನೋವು ಮಾತ್ರ ಮಂಕು.

ಇನ್ನು ಸ್ಕ್ಯಾನ್. ಅಲ್ಟ್ರಾಸೌಂಡಿನಲ್ಲಿ ಎಡ ಕಿಡ್ನಿ ಊದಿಕೊಂಡದ್ದು ಕಂಡಿತು. ಆದರೆ ಗಾಳಿ ಅಡ್ಡ ಬಂದು ಪೂರ್ತಿ ಕಾಣುತ್ತಿಲ್ಲ ಎಂದು ವರದಿ ಬಂತು. ಎಚ್ಚರ ಬೇಕಾದದ್ದು ಇಲ್ಲೇ. ಅಲ್ಟ್ರಾಸೌಂಡಿನ ಅಲೆಗಳು ಗಾಳಿಯನ್ನು ದಾಟಿ ಹೋಗಲಾರವು. ಕರುಳಿನ ಗಾಳಿಯೂ ಕಿಡ್ನಿಯೊಳಗಿನ ಗಾಳಿಯೂ ಅದರಲ್ಲಿ ಒಂದೇ ಥರ ಕಾಣಬಹುದು. ತಕ್ಷಣ ಸಿ.ಟಿ. ಮಾಡಿದರು. ಕ್ರಿಯಾಟಿನಿನ್ ಹೆಚ್ಚಿದ್ದರಿಂದ ಬಣ್ಣದ ಔಷಧಿ ಕೊಡದ ಸಾದಾ ಸಿ.ಟಿ. ಈ ರೋಗ ಪತ್ತೆ ಮಾಡಲು ಅಷ್ಟೇ ಸಾಕು. ಬೂದು ಬಣ್ಣದಲ್ಲಿ ಕಾಣಬೇಕಾದ ಕಿಡ್ನಿಯ ಮಾಂಸದೊಳಗೆ ಕಡುಗಪ್ಪು ಗುಳ್ಳೆಗಳು, ಗೆರೆಗಳು. ಕೆಳಗೆ ಮೂತ್ರನಾಳದಲ್ಲಿ 9 ಮಿಲಿಮೀಟರಿನ ಕಲ್ಲು. ಅದರ ಮೇಲಿನ ನಾಳವೆಲ್ಲ ಹಿಗ್ಗಿದೆ.

ಆ ಕಪ್ಪು ಗುಳ್ಳೆಗಳೇ ಗಾಳಿ. ಕಿಡ್ನಿಯ ಸೋಂಕಿನ ಜೊತೆ ಅದರೊಳಗೇ ಗಾಳಿ ಹುಟ್ಟಿಕೊಳ್ಳುವ ಈ ಸ್ಥಿತಿಗೆ ಎಂಫಿಸೆಮ್ಯಾಟಸ್ ಪೈಲೋನೆಫ್ರೈಟಿಸ್ ಎಂದು ಹೆಸರು. ಮೂತ್ರದ ದಾರಿಯಲ್ಲಿ ಹುಟ್ಟಿದ ಗಾಳಿಯ ಬಗ್ಗೆ ಅಮೆರಿಕದ ಕೆಲ್ಲಿ ಮತ್ತು ಮೆಕ್ಯಾಲಂ 1898ರಲ್ಲೇ ಬರೆದಿದ್ದರು. ಈ ರೋಗ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೂ ಹೆಚ್ಚು ಸಕ್ಕರೆ ಕಾಯಿಲೆಯವರೇ. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು.

ಗಾಳಿ ಬರುವುದೆಲ್ಲಿಂದ? ಇದಕ್ಕೆ ವಿಶೇಷ ರೋಗಾಣು ಬೇಕಿಲ್ಲ. ಸಾಮಾನ್ಯ ಉರಿಮೂತ್ರಕ್ಕೆ ಕಾರಣವಾಗುವ ಇ. ಕೋಲಿ ಮತ್ತು ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಗಳೇ ಇಲ್ಲೂ ಇರುತ್ತವೆ. ಅಂಗಾಂಶದಲ್ಲಿ ಸಕ್ಕರೆ ತುಂಬಿ ತುಳುಕುವಾಗ ಅವು ಅದನ್ನು ಹುದುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕ ಬಿಡುಗಡೆಯಾಗುತ್ತವೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಬ್ಬಿ ಗುಳ್ಳೆಯಾಗುವುದೂ ಹೀಗೆ ಸೂಕ್ಷ್ಮಾಣುಗಳು ಹುದುಗಿಸಿಯೇ. ಚೆನ್ನಾಗಿ ರಕ್ತ ಓಡಾಡುವ ಅಂಗದಲ್ಲಾದರೆ ಹುಟ್ಟಿದ ಅನಿಲ ರಕ್ತದ ಜೊತೆ ಹೋಗಿಬಿಡುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಸಣ್ಣ ರಕ್ತನಾಳಗಳು ಕೆಟ್ಟ ಕಿಡ್ನಿಯಲ್ಲಿ ಅದು ಅಲ್ಲೇ ಉಳಿಯುತ್ತದೆ. ಉಳಿದ ಅನಿಲ ಸುತ್ತಲಿನ ನಾಳಗಳನ್ನು ಒತ್ತುತ್ತದೆ. ರಕ್ತ ಸಿಗದೆ ಇನ್ನಷ್ಟು ಮಾಂಸ ಸಾಯುತ್ತದೆ, ಸತ್ತ ಮಾಂಸದಲ್ಲಿ ಬ್ಯಾಕ್ಟೀರಿಯಾ ಮತ್ತಷ್ಟು ಬೆಳೆಯುತ್ತವೆ. ಹಾಗೆಂದು ಸಿ.ಟಿ.ಯಲ್ಲಿ ಗಾಳಿ ಕಂಡದ್ದೆಲ್ಲ ಈ ರೋಗವಲ್ಲ. ಮೂತ್ರನಾಳಕ್ಕೆ ಇತ್ತೀಚೆಗೆ ಸ್ಟೆಂಟ್ ಅಥವಾ ಉಪಕರಣ ಹಾಕಿದ್ದರೆ ಒಂದೆರಡು ಗುಳ್ಳೆ ಒಳಗೆ ಸೇರಿರಬಹುದು. ಅದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಗಾಳಿ ಇಲ್ಲದಿದ್ದರೂ, ದಾರಿ ಕಟ್ಟಿದ ಕಿಡ್ನಿಯಲ್ಲಿ ಸೋಂಕಾದರೆ ಅದೂ ಇಷ್ಟೇ ತುರ್ತಿನದು. ಕಟ್ಟಲು ಕಲ್ಲೇ ಆಗಬೇಕೆಂದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಕಿಡ್ನಿಯ ಒಳತುದಿಯ ಮಾಂಸವೇ ಸತ್ತು ಕಳಚಿ ನಾಳದಲ್ಲಿ ಸಿಕ್ಕಿಕೊಳ್ಳುವುದುಂಟು. ಯಾವುದು ಕಟ್ಟಿದರೂ ಮುಂದಿನದು ಒಂದೇ. ಮೂತ್ರ ಇಳಿಯದೆ ಒಳಗೆ ಒತ್ತಡ ಏರುತ್ತದೆ, ಆ ಕಿಡ್ನಿ ರಕ್ತವನ್ನು ಸೋಸುವುದು ಕಡಿಮೆಯಾಗುತ್ತದೆ. ನಾವು ಕೈಯ ನರಕ್ಕೆ ಕೊಡುವ ಆ್ಯಂಟಿಬಯೋಟಿಕ್ ಮೂತ್ರದೊಳಗೆ ಇಳಿಯಬೇಕಾದರೆ ಆ ಸೋಸುವಿಕೆ ನಡೆಯಬೇಕು. ಅದೇ ಕುಂಠಿತವಾದ ಮೇಲೆ ಎಷ್ಟು ದುಬಾರಿ ಔಷಧಿ ಕೊಟ್ಟರೂ ಕೀವಿನ ಮಡುವಿಗೆ ಅದು ಸರಿಯಾಗಿ ತಲುಪುವುದಿಲ್ಲ. ಇತ್ತ ಏರಿದ ಒತ್ತಡ ಬ್ಯಾಕ್ಟೀರಿಯಾಗಳನ್ನೂ ಅವುಗಳ ವಿಷವನ್ನೂ ಕಿಡ್ನಿಯ ರಕ್ತನಾಳಗಳಿಗೆ ನೂಕುತ್ತದೆ. ಬಿ.ಪಿ. ಕುಸಿಯುವುದು, ಮಂಪರು, ಪ್ಲೇಟ್‌ಲೆಟ್ ಬೀಳುವುದು ಆಗಿನಿಂದ.

ಮೋಸ ಮಾಡುವ ಇನ್ನೊಂದು ಸಂಗತಿಯಿದೆ. ಒಂದು ಕಡೆಯ ನಾಳ ಪೂರ್ತಿ ಕಟ್ಟಿದ್ದರೆ ಆ ಕಡೆಯ ಕೀವು ಮೂತ್ರಕೋಶಕ್ಕೆ ಇಳಿಯುವುದೇ ಇಲ್ಲ. ಪರೀಕ್ಷೆಗೆ ಕೊಟ್ಟ ಮೂತ್ರವೆಲ್ಲ ಇನ್ನೊಂದು ಕಡೆಯ ಒಳ್ಳೆಯ ಕಿಡ್ನಿಯದು. ಆದ್ದರಿಂದ ಯೂರಿನ್ ರಿಪೋರ್ಟ್ ಚೊಕ್ಕವಾಗಿ ಬರಬಹುದು, ಕಲ್ಚರಿನಲ್ಲಿ ಏನೂ ಬೆಳೆಯದಿರಬಹುದು. ರಿಪೋರ್ಟ್ ನಾರ್ಮಲ್ ಎಂಬ ಒಂದೇ ಸಮಾಧಾನದ ಮೇಲೆ ಚಳಿಜ್ವರದ ಸಕ್ಕರೆ ರೋಗಿಯನ್ನು ಮನೆಗೆ ಕಳಿಸುವುದು ತಪ್ಪು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ನಮ್ಮ ರೋಗಿಗೆ ಏನು ಮಾಡಿದರು? ಕಲ್ಚರಿಗೆ ರಕ್ತ ತೆಗೆದುಕೊಂಡು, ಮೊದಲ ಗಂಟೆಯಲ್ಲೇ ಮೆರೋಪೆನೆಮ್ ಶುರು ಮಾಡಿದರು. ನಮ್ಮಲ್ಲಿ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಇ. ಕೋಲಿ ತುಂಬಾ ಇರುವುದರಿಂದ ಇಂಥ ಗಂಭೀರ ಸ್ಥಿತಿಯಲ್ಲಿ ಸಣ್ಣ ಔಷಧಿಯಿಂದ ಆರಂಭಿಸಿ ಕಾದು ನೋಡುವುದಿಲ್ಲ. ಡ್ರಿಪ್, ಬಿ.ಪಿ. ಏರಿಸುವ ಔಷಧಿ, ಇನ್ಸುಲಿನ್ ಒಟ್ಟಿಗೇ ನಡೆದವು. ಮಗ ಕೈಮುಗಿದು ಕೇಳಿದ: "ಕಲ್ಲು ತೆಗೆದುಬಿಡಿ ಸಾರ್, ಎಲ್ಲ ಸರಿಹೋಗುತ್ತಲ್ಲ?" ಕಲ್ಲನ್ನು ಆ ರಾತ್ರಿ ಮುಟ್ಟುವಂತಿಲ್ಲ ಎಂದು ಯೂರಾಲಜಿಸ್ಟ್ ವಿವರಿಸಿದರು. ಕೀವು ತುಂಬಿದ ನಾಳದಲ್ಲಿ ಕಲ್ಲು ಒಡೆಯಲು ಹೋದರೆ ಒತ್ತಡ ಇನ್ನೂ ಏರಿ ಸೋಂಕೆಲ್ಲ ರಕ್ತಕ್ಕೆ ನುಗ್ಗುತ್ತದೆ. ಈಗ ಬೇಕಾದ್ದು ಕೀವಿಗೊಂದು ದಾರಿ.

ಆ ದಾರಿ ಎರಡು ಬಗೆ. ಮೂತ್ರದ್ವಾರದ ಮೂಲಕ ಹೋಗಿ ಕಲ್ಲಿನ ಪಕ್ಕದಲ್ಲಿ ಸ್ಟೆಂಟ್ ತೂರಿಸಬಹುದು. ಇಲ್ಲವೇ ಬೆನ್ನಿನ ಕಡೆಯಿಂದ ಕಿಡ್ನಿಗೆ ನೇರ ಟ್ಯೂಬ್ ಹಾಕಬಹುದು. ಕಲ್ಲು ಕಟ್ಟಿದ ಸೋಂಕಿನಲ್ಲಿ ಎರಡೂ ಸರಿಸಮ ಕೆಲಸ ಮಾಡುತ್ತವೆ. ಯಾವುದು ಬೇಗ, ಸುರಕ್ಷಿತವಾಗಿ ಆಗುತ್ತದೋ ಅದೇ ಸರಿ. ಇವರ ಸ್ಥಿತಿಗೆ ಪೂರ್ತಿ ಅರಿವಳಿಕೆ ಅಪಾಯ. ಹಾಗಾಗಿ ಒರಗಿಸಿ ಮಲಗಿಸಿ, ಚರ್ಮಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಟ್ಯೂಬ್ ಇಳಿಸಿದರು. ಚೀಲಕ್ಕೆ ಗಟ್ಟಿ ಹಳದಿ ಕೀವು ಬಂತು, ನಡುನಡುವೆ ಗುಳ್ಳೆ. ಅದನ್ನೇ ಕಲ್ಚರಿಗೆ ಕಳಿಸಿದರು. ಮೊದಲೇ ಹೇಳಿದ ಕಾರಣಕ್ಕೆ ಈ ಕೀವಿನ ಕಲ್ಚರೇ ನಂಬಿಕೆಗೆ ಅರ್ಹ.

ಮರುದಿನ ಬಿ.ಪಿ. ಔಷಧಿ ಕಡಿಮೆ ಮಾಡಲಾಯಿತು, ಮೂರನೇ ದಿನ ಅಮ್ಮ ಸರಿಯಾಗಿ ಮಾತಾಡಿದರು. ಒಂದು ವಾರಕ್ಕೆ ಇನ್ನೊಂದು ಸಿ.ಟಿ.ಯಲ್ಲಿ ಗಾಳಿ ಕರಗುತ್ತಿರುವುದು ಕಂಡಿತು. ಕ್ರಿಯಾಟಿನಿನ್ 1.4ಕ್ಕೆ ಇಳಿಯಿತು. ಕಲ್ಲು ತೆಗೆದದ್ದು ಆರು ವಾರದ ಮೇಲೆ.

ಹಿಂದೆ ಈ ರೋಗಕ್ಕೆ ಇದ್ದ ಉತ್ತರವೆಂದರೆ ಕಿಡ್ನಿಯನ್ನೇ ಕತ್ತರಿಸಿ ತೆಗೆಯುವುದು. 2000ದಲ್ಲಿ ತೈವಾನಿನ ಹುವಾಂಗ್ ಮತ್ತು ತ್ಸೆಂಗ್ 48 ರೋಗಿಗಳನ್ನು ಪರಿಶೀಲಿಸಿ, ಗಾಳಿ ಎಲ್ಲಿಯವರೆಗೆ ಹರಡಿದೆ ಎಂಬುದರ ಮೇಲೆ ವರ್ಗೀಕರಣ ಮಾಡಿದರು. ಗಾಳಿ ಕಿಡ್ನಿಯೊಳಗೇ ಇದ್ದವರಲ್ಲಿ ಹೆಚ್ಚಿನವರನ್ನು ಟ್ಯೂಬ್ ಮತ್ತು ಔಷಧಿಯಿಂದಲೇ ಉಳಿಸಬಹುದು ಎಂಬುದು ಆಗ ಸ್ಪಷ್ಟವಾಯಿತು. ಗಾಳಿ ಕಿಡ್ನಿಯ ಹೊರಗೆ ಹರಡಿದ್ದು, ಜೊತೆಗೆ ಪ್ಲೇಟ್‌ಲೆಟ್ ಕುಸಿತ, ಕಿಡ್ನಿ ವೈಫಲ್ಯ, ಮಂಪರು, ಬಿ.ಪಿ. ಕುಸಿತ ಇವುಗಳಲ್ಲಿ ಎರಡಾದರೂ ಇದ್ದವರಲ್ಲಿ ಟ್ಯೂಬ್ ಬಹುಪಾಲು ಸೋತಿತ್ತು. ಈಗಲೂ ಟ್ಯೂಬ್ ಹಾಕಿ ಒಂದೆರಡು ದಿನದಲ್ಲಿ ಚೇತರಿಕೆ ಕಾಣದಿದ್ದರೆ ಮತ್ತೆ ಸಿ.ಟಿ. ಮಾಡಿ ಎರಡನೇ ಟ್ಯೂಬ್ ಹಾಕಬೇಕಾಗುತ್ತದೆ. ಕಿಡ್ನಿ ಪೂರ್ತಿ ಸತ್ತಿದ್ದರೆ ತೆಗೆಯಲೇಬೇಕು. ಪ್ರಾಣ ಹೋಗುವ ರೋಗಿಗಳು ಇಂದೂ ಇದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ನಡುಗಿಸುವ ಚಳಿಜ್ವರ ಬಂದು, ಜೊತೆಗೆ ಪಕ್ಕೆ ನೋವು, ವಾಂತಿ, ಮಂಪರು ಅಥವಾ ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರದ ಸೋಂಕಿಗೆ ಮಾತ್ರೆ ಶುರುವಾಗಿ ಎರಡು ದಿನವಾದರೂ ಜ್ವರ ಬಿಡದಿದ್ದರೆ ಮಾತ್ರೆ ಬದಲಿಸಿ ನೋಡುವ ಬದಲು ಅಂದೇ ಸ್ಕ್ಯಾನ್ ಮಾಡಿಸಿ. ಊಟ ಸೇರದಿದ್ದಾಗ ಇನ್ಸುಲಿನ್ ಅಥವಾ ಶುಗರ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಆಸ್ಪತ್ರೆಗೆ ಹೊರಡುವ ಮುನ್ನ ಫೋನ್ ಮಾಡಿ, ರಾತ್ರಿ ಸಿ.ಟಿ. ಇದೆಯೇ, ಸ್ಟೆಂಟ್ ಅಥವಾ ಕಿಡ್ನಿಗೆ ಟ್ಯೂಬ್ ಹಾಕುವವರು ಸಿಗುತ್ತಾರೆಯೇ ಎಂದು ವಿಚಾರಿಸಿ. ಇಲ್ಲ ಎಂದರೆ ಇರುವ ಆಸ್ಪತ್ರೆಗೇ ನೇರ ಹೋಗಿ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರು ಅದನ್ನು ತೆಗೆಸಬೇಕಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮರೆತ ಸ್ಟೆಂಟಿನ ಮೇಲೂ ಕಲ್ಲು ಕಟ್ಟುತ್ತದೆ.