ಪ್ರಮಾಣಪತ್ರದಲ್ಲಿ ಸಾಕ್ಷಿ ಮಾತಾಡಲಿ, ವಕೀಲರಲ್ಲ

ಸಿವಿಲ್ ಮೊಕದ್ದಮೆಯಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆ ಹಿಂದೆಲ್ಲ ನ್ಯಾಯಾಧೀಶರ ಎದುರೇ ನಡೆಯುತ್ತಿತ್ತು. ಸಾಕ್ಷಿ ಕಟಕಟೆಯಲ್ಲಿ ನಿಂತು, ತನ್ನ ಪರ ವಕೀಲರು ಕೇಳಿದ್ದಕ್ಕೆ ಬಾಯಿಮಾತಿನಲ್ಲಿ ಉತ್ತರ ಕೊಡುತ್ತಿದ್ದ. 'ಅವರು ಹೇಳಿದರು, ಇವರು ಹೇಳಿದರು' ಎಂದು ಶುರುಮಾಡಿದರೆ ಎದುರು ವಕೀಲರು ಅಲ್ಲೇ ಎದ್ದು ಆಕ್ಷೇಪಿಸುತ್ತಿದ್ದರು. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 4ನೇ ನಿಯಮದಂತೆ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ, ಎಂದರೆ ಅಫಿಡವಿಟ್ ಮೂಲಕ, ನಡೆಯುತ್ತದೆ. ಇದರಿಂದ ಕೋರ್ಟಿನ ಸಮಯ ಉಳಿಯಿತು. ಆದರೆ ಸಾಕ್ಷಿಯ ಮಾತು ಈಗ ವಕೀಲರ ಕಚೇರಿಯಲ್ಲಿ ಸಿದ್ಧವಾಗುತ್ತದೆ, ಅಲ್ಲಿ ತಡೆಯುವವರು ಯಾರೂ ಇರುವುದಿಲ್ಲ. ಎಷ್ಟೋ ಪ್ರಮಾಣಪತ್ರಗಳು ವಾದಪತ್ರದ ನಕಲಾಗಿ, ದೂರುಗಳ ಪಟ್ಟಿಯಾಗಿ, ಕೆಲವೊಮ್ಮೆ ತೀರ್ಪುಗಳ ಉಲ್ಲೇಖವಿರುವ ಭಾಷಣವಾಗಿಯೇ ಹೊರಬರುವುದು ಹಾಗೆ.

ಕಾನೂನು ಕೇಳುವುದು ತೀರಾ ಸರಳ. ಸಾಕ್ಷಿ ತನ್ನ ಸ್ವಂತ ತಿಳಿವಳಿಕೆಯಿಂದ ರುಜುವಾತುಪಡಿಸಬಲ್ಲ ಸಂಗತಿಗಳನ್ನಷ್ಟೇ ಪ್ರಮಾಣಪತ್ರದಲ್ಲಿ ಹೇಳಬೇಕು ಎನ್ನುತ್ತದೆ 19ನೇ ಆದೇಶದ 3ನೇ ನಿಯಮ. ಕೇಳಿದ ಮಾತುಗಳನ್ನೂ ವಾದಗಳನ್ನೂ ಅನಗತ್ಯವಾಗಿ ತುರುಕಿದರೆ ಅದರ ಖರ್ಚು ಸಲ್ಲಿಸಿದವರ ಮೇಲೆ ಬೀಳುತ್ತದೆ ಎಂದೂ ಅದೇ ನಿಯಮದಲ್ಲಿದೆ. ಮೌಖಿಕ ಸಾಕ್ಷ್ಯ ನೇರವಾಗಿರಬೇಕು, ಕಂಡದ್ದನ್ನು ಕಂಡವನೇ, ಕೇಳಿದ್ದನ್ನು ಕೇಳಿದವನೇ ಹೇಳಬೇಕು ಎಂಬ ಹಳೆಯ ತತ್ವ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 55ನೇ ಕಲಮಿನಲ್ಲಿಯೂ ಮುಂದುವರಿದಿದೆ.

ಒಂದು ಮೊಕದ್ದಮೆಯನ್ನು ಊಹಿಸಿಕೊಳ್ಳೋಣ. ತುಮಕೂರಿನಲ್ಲಿ ಒಬ್ಬರು 30×40 ನಿವೇಶನ ಕೊಳ್ಳಲು 2021ರ ಮಾರ್ಚ್ 12ರಂದು ಕ್ರಯದ ಕರಾರು ಮಾಡಿಕೊಂಡರು. ಬೆಲೆ 18 ಲಕ್ಷ, ಮುಂಗಡ 5 ಲಕ್ಷ, ಉಳಿದ 13 ಲಕ್ಷ ಕೊಟ್ಟು ನೋಂದಣಿ ಮಾಡಿಸಿಕೊಳ್ಳಲು ಆರು ತಿಂಗಳ ಗಡುವು. ಮಾರುವವರು ಕ್ರಯಪತ್ರ ಮಾಡಿಕೊಡಲಿಲ್ಲ. ಕೊಳ್ಳುವವರು ದಾವೆ ಹಾಕಿದರು. ಅವರ ಪ್ರಮಾಣಪತ್ರದ ಮೊದಲ ಕರಡಿನಲ್ಲಿ ಹೀಗಿದೆ: 'ನಾನು ಸದಾಕಾಲ ನನ್ನ ಪಾಲಿನ ಕರಾರನ್ನು ನೆರವೇರಿಸಲು ಸಿದ್ಧನಾಗಿಯೂ ಸಮ್ಮತನಾಗಿಯೂ ಇದ್ದೆನು. ಆದರೆ ಪ್ರತಿವಾದಿಯು ದುರಾಸೆಯಿಂದ ಸದರಿ ಸ್ವತ್ತನ್ನು ಹೆಚ್ಚಿನ ಬೆಲೆಗೆ ಬೇರೆಯವರಿಗೆ ಮಾರಲು ಹೊರಟಿರುವುದು ನನಗೆ ತಿಳಿದುಬಂದಿರುತ್ತದೆ. ಆದ್ದರಿಂದ ಪ್ರತಿವಾದಿಯು ಕರಾರನ್ನು ಉಲ್ಲಂಘಿಸಿರುವುದು ಸಾಬೀತಾಗಿರುತ್ತದೆ.'

ಓದಲು ಗಟ್ಟಿಯಾಗಿದೆ, ಆದರೆ ಸಾಕ್ಷ್ಯವಾಗಿ ಇದರಲ್ಲಿ ಏನೂ ಇಲ್ಲ. ಪ್ರತಿ ವಾಕ್ಯದ ಮುಂದೆ 'ನಿಮಗೆ ಹೇಗೆ ಗೊತ್ತು?' ಎಂದು ಕೇಳಿ ನೋಡಿ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳುವುದೂ ಇದನ್ನೇ.

'ಸಿದ್ಧನಾಗಿಯೂ ಸಮ್ಮತನಾಗಿಯೂ' ಎಂಬುದು ನಿರ್ದಿಷ್ಟ ಪರಿಹಾರ ಕಾಯ್ದೆಯ 16ನೇ ಕಲಮಿನಿಂದ ಎತ್ತಿಕೊಂಡ ಮಾತು. ವಾದಿ ಸಿದ್ಧನಿದ್ದನೇ ಇಲ್ಲವೇ ಎಂದು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ. ಸಾಕ್ಷಿ ಕೊಡಬೇಕಾದದ್ದು ಆ ತೀರ್ಮಾನಕ್ಕೆ ಬೇಕಾದ ಸಂಗತಿಗಳನ್ನು. ಹೀಗೆ: '2021ರ ಆಗಸ್ಟ್ 20ರಂದು ನನ್ನ ಉಳಿತಾಯ ಖಾತೆಯಲ್ಲಿ 13,40,000 ರೂಪಾಯಿ ಇತ್ತು. ಅಂದೇ ಪ್ರತಿವಾದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿ, ಸೆಪ್ಟೆಂಬರ್ 8ರಂದು ನೋಂದಣಿಗೆ ಬರುವಂತೆ ತಿಳಿಸಿದೆ. ಆ ದಿನ ಬೆಳಿಗ್ಗೆ 11 ಗಂಟೆಗೆ ನಾನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಂಜೆ ಕಚೇರಿ ಮುಚ್ಚುವವರೆಗೂ ಕಾದೆ. ಪ್ರತಿವಾದಿ ಬರಲಿಲ್ಲ.' ಇದರಲ್ಲಿ ವಿಶೇಷಣವೇ ಇಲ್ಲ. ಬ್ಯಾಂಕಿನ ದಾಖಲೆ ಮತ್ತು ಅಂಚೆ ರಸೀದಿ ಜೊತೆಗಿದ್ದರೆ ಇದನ್ನು ಅಲುಗಾಡಿಸುವುದು ಕಷ್ಟ.

ಎರಡನೆಯ ವಾಕ್ಯದ 'ತಿಳಿದುಬಂದಿರುತ್ತದೆ' ಎಂಬುದರ ಬಗ್ಗೆ ಹೆಚ್ಚು ಎಚ್ಚರ ಬೇಕು. ಕೇಳಿದ ಮಾತು ಪ್ರಮಾಣಪತ್ರದೊಳಕ್ಕೆ ನುಸುಳುವುದು ಬಹುಪಾಲು ಇಂಥ ಕ್ರಿಯಾಪದದ ಮರೆಯಲ್ಲೇ. ಯಾರಿಂದ ತಿಳಿಯಿತು? ದಲ್ಲಾಳಿಯಿಂದ ಎಂದಾದರೆ, ಬೇರೆಯವರ ಜೊತೆ ಮಾತುಕತೆ ನಡೆಯಿತು ಎಂಬುದನ್ನು ರುಜುವಾತುಪಡಿಸಲು ವಾದಿಯ ಮಾತು ಸಾಲದು. ದಲ್ಲಾಳಿಯೇ ಸಾಕ್ಷಿಯಾಗಿ ತನ್ನ ಪ್ರಮಾಣಪತ್ರ ಸಲ್ಲಿಸಬೇಕು, ಪಾಟಿ ಸವಾಲಿಗೂ ನಿಲ್ಲಬೇಕು.

ಹಾಗೆಂದು ಬೇರೆಯವರ ಮಾತೆಲ್ಲ ನಿಷಿದ್ಧ ಎಂದು ಹೆದರಬೇಕಿಲ್ಲ. ಪ್ರತಿವಾದಿಯೇ ವಾದಿಯ ಎದುರು 'ನನಗೆ 25 ಲಕ್ಷ ಕೊಡುವವರು ಬಂದಿದ್ದಾರೆ, ನಿಮಗೆ ಕೊಡುವುದಿಲ್ಲ' ಎಂದಿದ್ದರೆ, ಅದು ಎದುರಾಳಿಯ ಒಪ್ಪಿಗೆಯ ಮಾತು. ಅದನ್ನು ಕೇಳಿಸಿಕೊಂಡ ವಾದಿ ಧಾರಾಳವಾಗಿ ಹೇಳಬಹುದು. ಎಲ್ಲಿ, ಯಾವತ್ತು, ಯಾರ ಎದುರು ಎಂಬುದನ್ನು ಸೇರಿಸಿ, ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು. ಇನ್ನೊಂದು ಬಗೆಯೂ ಇದೆ: 'ದಲ್ಲಾಳಿ ಫೋನ್ ಮಾಡಿ ವಿಷಯ ತಿಳಿಸಿದರು, ಅದಕ್ಕೇ ನಾನು ಮರುದಿನ ಪ್ರತಿವಾದಿಯ ಮನೆಗೆ ಹೋದೆ.' ಇಲ್ಲಿ ದಲ್ಲಾಳಿಯ ಮಾತು ನಿಜವೆಂದು ಯಾರೂ ಸಾಧಿಸುತ್ತಿಲ್ಲ, ವಾದಿ ಏಕೆ ಹೋದರು ಎಂಬುದಕ್ಕೆ ಕಾರಣ ಹೇಳುತ್ತಿದ್ದಾರೆ ಅಷ್ಟೆ. ಕರಡು ಬರೆಯುವವರು ಆ ಉದ್ದೇಶ ವಾಕ್ಯದಲ್ಲೇ ಕಾಣುವಂತೆ ಬರೆಯಬೇಕು.

'ದುರಾಸೆಯಿಂದ' ಎಂಬುದು ಅಭಿಪ್ರಾಯ. ಇನ್ನೊಬ್ಬರ ಮನಸ್ಸಿನೊಳಗೆ ಏನಿತ್ತೆಂದು ವಾದಿ ಕಂಡಿಲ್ಲ. 25 ಲಕ್ಷದ ಮಾತನ್ನು ದಾಖಲಿಸಿದರೆ ಸಾಕು, ಅದರ ಅರ್ಥ ನ್ಯಾಯಾಧೀಶರಿಗೆ ತಾನಾಗಿ ತಿಳಿಯುತ್ತದೆ. ಕರಾರಿನ ಮೇಲಿನ ಸಹಿಯ ವಿಷಯವೂ ಹೀಗೆಯೇ. 'ಈ ಸಹಿ ಪ್ರತಿವಾದಿಯದ್ದೇ' ಎನ್ನುವುದಕ್ಕಿಂತ 'ನನ್ನ ಎದುರಿಗೇ ಪ್ರತಿವಾದಿ ಸಹಿ ಮಾಡಿದ್ದನ್ನು ಕಂಡೆ' ಎನ್ನುವುದು ಬಲವಾದ ಸಾಕ್ಷ್ಯ. ಸಹಿ ಮಾಡಿದ್ದನ್ನು ಕಾಣದಿದ್ದರೂ ಆ ಕೈಬರಹದ ಪರಿಚಯ ಇರುವವರು ಅಭಿಪ್ರಾಯ ಹೇಳಲು ಕಾನೂನು ಬಿಡುತ್ತದೆ. ಆದರೆ ಆ ಪರಿಚಯ ಹೇಗೆ ಬಂತು, ಅವರ ಪತ್ರಗಳು ತಮಗೆ ಬರುತ್ತಿದ್ದವೇ, ಅವರು ಬರೆಯುವುದನ್ನು ಕಂಡಿದ್ದಾರೆಯೇ ಎಂಬುದನ್ನು ಮೊದಲು ತೋರಿಸಬೇಕು.

'ಸಾಬೀತಾಗಿರುತ್ತದೆ' ಎಂಬ ಕೊನೆಯ ವಾಕ್ಯ ಶುದ್ಧ ವಾದ. ಅದನ್ನು ಪೂರ್ತಿ ಹೊಡೆದುಹಾಕಿ, ವಾದ ಮಂಡನೆಯ ದಿನಕ್ಕೆ ಎತ್ತಿಡಬೇಕು. ವಾಣಿಜ್ಯ ವಿವಾದಗಳಲ್ಲಂತೂ ಪ್ರಮಾಣಪತ್ರ ವಾದಪತ್ರದ ಬರೀ ನಕಲಾಗಬಾರದು, ದಿನಾಂಕಗಳ ಕ್ರಮದಲ್ಲಿರಬೇಕು ಎಂದು 2015ರ ಕಾನೂನು ವಿಧಿಸಿದೆ. ಸಾಕ್ಷ್ಯವೆನಿಸದ ಭಾಗವನ್ನು ತೆಗೆದುಹಾಕುವ ಅಧಿಕಾರವೂ ಅಲ್ಲಿ ಕೋರ್ಟಿಗಿದೆ. ಸಾಮಾನ್ಯ ದಾವೆಗಳಲ್ಲೂ ಈ ಶಿಸ್ತನ್ನು ಪಾಲಿಸುವುದೇ ಒಳ್ಳೆಯದು.

ಮನೆಮಂದಿ ಎಡವುವ ಇನ್ನೊಂದು ಜಾಗವಿದೆ. ಮಗ ದುಬೈಯಲ್ಲೋ ಅಮೆರಿಕದಲ್ಲೋ ಇದ್ದು, ತಂದೆಗೆ ಅಧಿಕಾರಪತ್ರ ಕೊಟ್ಟು ದಾವೆ ನಡೆಸುವುದು ನಮ್ಮಲ್ಲಿ ಸಾಮಾನ್ಯ. ತಂದೆ ತಾನೇ ಮಾಡಿದ ಕೆಲಸಗಳ ಬಗ್ಗೆ ಸಾಕ್ಷ್ಯ ಹೇಳಬಹುದು. ಮಗನಿಗೆ ಮಾತ್ರ ಗೊತ್ತಿರುವುದನ್ನು ಮಗನ ಪರವಾಗಿ ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರ ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದಲ್ಲಿ ಹೇಳಿದೆ. ಕೊಳ್ಳುವವನ ಸಿದ್ಧತೆ, ಸಮ್ಮತಿಗಳಿಗೂ ಇದು ಅನ್ವಯಿಸುತ್ತದೆ ಎಂಬುದು 2010ರ ಮಾನ್ ಕೌರ್ ಪ್ರಕರಣದಲ್ಲಿ ಸ್ಪಷ್ಟವಾಯಿತು. ಕರಾರಿನ ವ್ಯವಹಾರವನ್ನೆಲ್ಲ ಮಗನೇ ಮಾಡಿದ್ದರೆ ಪ್ರಮಾಣಪತ್ರವೂ ಮಗನದೇ ಆಗಬೇಕು.

ತಡೆಯಾಜ್ಞೆಯಂಥ ಮಧ್ಯಂತರ ಅರ್ಜಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಮಾತ್ರ ಸ್ವಲ್ಪ ಸಡಿಲವಿದೆ. ಅಲ್ಲಿ 'ಹೀಗೆಂದು ನಂಬಿದ್ದೇನೆ' ಎನ್ನಬಹುದು, ಆದರೆ ನಂಬಿಕೆಗೆ ಆಧಾರ ಏನೆಂದು ಹೇಳಬೇಕು. ಆ ಪ್ರಮಾಣಪತ್ರವನ್ನೇ ಮುಂದೆ ಮುಖ್ಯ ವಿಚಾರಣೆಗೂ ನಕಲು ಮಾಡಿದರೆ ಈ ನಂಬಿಕೆಗಳೆಲ್ಲ ಅಲ್ಲಿ ದೋಷಗಳಾಗುತ್ತವೆ.

ನೀವು ಸಾಕ್ಷಿಯಾಗಿದ್ದರೆ ಒಂದು ವಿನಂತಿ. ಕರಡು ಇಂಗ್ಲಿಷಿನಲ್ಲಿದ್ದು ನಿಮಗೆ ಆ ಭಾಷೆ ಬಾರದಿದ್ದರೆ ಕನ್ನಡದಲ್ಲಿ ಪ್ಯಾರಾ ಪ್ಯಾರಾ ಓದಿಸಿಕೊಳ್ಳಿ. ನೀವು ಕಾಣದ, ನೀವು ಕೇಳದ ಸಂಗತಿ ಬಂದಲ್ಲಿ ಓದುವವರನ್ನು ನಿಲ್ಲಿಸಿ ವಕೀಲರಿಗೆ ಹೇಳಿ. ಅದನ್ನು ತೆಗೆಸಿದ ಮೇಲೆಯೇ ಸಹಿ ಹಾಕಿ.