ಐದು ನಿಮಿಷದ ಕ್ಷಾರ

ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಕೋಶದಲ್ಲಿರುವ ವರ್ಣತಂತುವಿನ ಉದ್ದ ಸುಮಾರು 46 ಲಕ್ಷ ಬೇಸ್ ಜೋಡಿ. ಅದೇ ಕೋಶಕ್ಕೆ ಪಿಯುಸಿ19 ಎಂಬ ಪ್ಲಾಸ್ಮಿಡ್ ಸೇರಿಸಿದ್ದರೆ ಅದರ ಉದ್ದ ಬರೀ 2,686. (ನಮ್ಮ ಪಿಯುಸಿಗೂ ಇದಕ್ಕೂ ಸಂಬಂಧವಿಲ್ಲ.) ಎರಡೂ ಡಿಎನ್‌ಎಯೇ, ಎರಡೂ ಉಂಗುರದ ಆಕಾರದವೇ. ಯಾವ ರಾಸಾಯನಿಕ ಹಾಕಿದರೂ ಎರಡಕ್ಕೂ ಒಂದೇ ಥರ ತಗಲುತ್ತದೆ. ಆದರೆ ಜೀನ್ ಕಸಿ ಮಾಡುವವರಿಗೆ ಬೇಕಾಗಿರುವುದು ಪ್ಲಾಸ್ಮಿಡ್ ಮಾತ್ರ. ಅದರಲ್ಲೇ ಅವರು ತಮಗೆ ಬೇಕಾದ ಜೀನನ್ನು ಸೇರಿಸಿಟ್ಟಿರುತ್ತಾರೆ. ಹಾಗಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹೊರತೆಗೆಯುವುದು ಹೇಗೆ?

1970ರ ದಶಕದಲ್ಲಿ ಇದಕ್ಕೆ ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಡಿಎನ್‌ಎಯನ್ನು ಹಾಕಿ, ಅತಿ ವೇಗದ ಸೆಂಟ್ರಿಫ್ಯೂಜ್‌ನಲ್ಲಿ ಗಂಟೆಗಟ್ಟಲೆ ತಿರುಗಿಸಬೇಕಾಗಿತ್ತು. 1979ರಲ್ಲಿ ಬರ್ನ್‌ಬೋಯಿಮ್ ಮತ್ತು ಡೋಲಿ ಎಂಬಿಬ್ಬರು ಕ್ಷಾರ ಬಳಸಿ ಬೇಗ ಮುಗಿಸುವ ದಾರಿಯನ್ನು ಪ್ರಕಟಿಸಿದರು. ಇಂದು ಎಂಎಸ್‌ಸಿ ಪ್ರಾಕ್ಟಿಕಲ್‌ನಲ್ಲಿ ವಿದ್ಯಾರ್ಥಿಗಳು ಮಾಡುವ ‘ಮಿನಿಪ್ರೆಪ್’ ಅದೇ ವಿಧಾನ. ಅಂಗಡಿಯ ಕಿಟ್‌ಗಳ ಬಾಟಲಿಗಳ ಮೇಲೆ ಪಿ1, ಪಿ2 ಎಂದೇನೇ ಬರೆದಿರಲಿ, ಒಳಗಿರುವ ಸರಕು ಬಹುಮಟ್ಟಿಗೆ ಅದೇ.

ವಿಧಾನದ ಗುಟ್ಟು ಇರುವುದು ಉಂಗುರದ ಕಟ್ಟಿನಲ್ಲಿ. ಡಿಎನ್‌ಎಯಲ್ಲಿ ಎರಡು ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಎರಡು ದಾರಗಳನ್ನು ಚೆನ್ನಾಗಿ ಹೊಸೆದು, ಆಮೇಲೆ ಒಂದೊಂದು ದಾರದ ಎರಡು ತುದಿಗಳನ್ನೂ ಅದಕ್ಕೇ ಗಂಟು ಹಾಕಿ ನೋಡಿ. ಹೊಸೆತವನ್ನು ಎಷ್ಟೇ ಸಡಿಲಿಸಿದರೂ ಕತ್ತರಿ ಹಾಕದೆ ಅವು ಬೇರೆಯಾಗುವುದಿಲ್ಲ. ಪಿಯುಸಿ19ರಲ್ಲಿ ಎರಡು ಎಳೆಗಳು ಹೀಗೆ ಸುಮಾರು 250 ಸಲ ಸುತ್ತಿಕೊಂಡಿರುತ್ತವೆ. ವರ್ಣತಂತುವೂ ಉಂಗುರವೇ ಆದರೂ ಅದು ದೈತ್ಯ. ಕೋಶ ಒಡೆಯುವಾಗಲೇ ಅದು ಅಲ್ಲಲ್ಲಿ ತುಂಡಾಗುತ್ತದೆ, ತುಂಡಾದ ಮೇಲೆ ತುದಿಗಳು ಬಿಡುವಾಗುತ್ತವೆ. ಕ್ಷಾರ ತಗಲಿದರೆ ಅದರ ಎಳೆಗಳು ಪೂರ್ತಿ ಬಿಚ್ಚಿಕೊಂಡು ದೂರ ಸರಿಯುತ್ತವೆ. ಪ್ಲಾಸ್ಮಿಡ್‌ನ ಎಳೆಗಳಿಗೆ ಹಾಗೆ ಹೋಗಲು ದಾರಿಯೇ ಇಲ್ಲ. ಕ್ಷಾರವನ್ನು ತಟ್ಟನೆ ಇಳಿಸಿದರೆ ಅವು ಇದ್ದಲ್ಲೇ ಮತ್ತೆ ಜೋಡಿಯಾಗುತ್ತವೆ. ವರ್ಣತಂತುವಿನ ಎಳೆಗಳಿಗೆ ತಮ್ಮ ಜೋಡಿ ಸಿಗುವಷ್ಟು ವ್ಯವಧಾನ ಇರುವುದಿಲ್ಲ.

ಈಗ ಟ್ಯೂಬಿಗೆ ಬರೋಣ. ರಾತ್ರಿಯಿಡೀ ಆಂಪಿಸಿಲಿನ್ ಇರುವ ಮಾಧ್ಯಮದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು 1.5 ಮಿಲೀಲೀಟರ್ ತೆಗೆದುಕೊಂಡು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ಕೋಶಗಳ ಗಟ್ಟಿ ಪೆಲೆಟ್ ಕೂರುತ್ತದೆ. ಮೇಲಿನ ನೀರನ್ನು ಚೆಲ್ಲಿ, ಪೆಲೆಟ್‌ಗೆ ಮೊದಲನೆಯ ದ್ರಾವಣವನ್ನು 100 ಮೈಕ್ರೊಲೀಟರ್ ಹಾಕಬೇಕು. ಇದರಲ್ಲಿ ಗ್ಲೂಕೋಸ್, ಟ್ರಿಸ್ ಮತ್ತು ಇಡಿಟಿಎ ಇರುತ್ತವೆ. ಗ್ಲೂಕೋಸ್ ಕೋಶಗಳು ಹೊತ್ತಿಗೆ ಮುಂಚೆ ಒಡೆಯದಂತೆ ತಡೆಯಲಿ ಎಂದು ಸೇರಿಸಿದ್ದು. ಈಗ ಅದನ್ನು ಬಿಟ್ಟೇ ಮಾಡುವ ಲ್ಯಾಬ್‌ಗಳೂ ಇವೆ. ಟ್ರಿಸ್ ಪಿಎಚ್ ಅನ್ನು 8ರಲ್ಲಿ ನಿಲ್ಲಿಸುತ್ತದೆ. ನಿಜವಾದ ಕೆಲಸಗಾರ ಇಡಿಟಿಎ. ಅದು ಮೆಗ್ನೀಸಿಯಂ ಅನ್ನು ಕಚ್ಚಿ ಹಿಡಿದುಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯನ್ನು ಬಿಗಿಯಾಗಿಡುವುದು ಮೆಗ್ನೀಸಿಯಂ. ಡಿಎನ್‌ಎಯನ್ನು ತುಂಡರಿಸುವ ಕಿಣ್ವಗಳಿಗೂ ಅದು ಬೇಕು. ಅದನ್ನು ಕಸಿದುಕೊಂಡರೆ ಪೊರೆ ಸಡಿಲವಾಗುತ್ತದೆ, ಕಿಣ್ವಗಳು ಕೈಕಟ್ಟಿ ಕೂರುತ್ತವೆ. ಈ ಹಂತದಲ್ಲಿ ವೋರ್ಟೆಕ್ಸ್ ಯಂತ್ರಕ್ಕೆ ಹಿಡಿದು ಚೆನ್ನಾಗಿ ಕಲಕಬಹುದು. ಕಲಕಲೇಬೇಕು ಕೂಡ, ಏಕೆಂದರೆ ಗಂಟು ಉಳಿದರೆ ಅದರೊಳಗಿನ ಕೋಶಗಳಿಗೆ ಮುಂದಿನ ದ್ರಾವಣ ತಲುಪುವುದೇ ಇಲ್ಲ.

ಎರಡನೆಯ ದ್ರಾವಣದಲ್ಲಿ ಇರುವುದು ಎರಡೇ ವಸ್ತು: ಕಾಸ್ಟಿಕ್ ಸೋಡಾ ಮತ್ತು ಎಸ್‌ಡಿಎಸ್ ಎಂಬ ಡಿಟರ್ಜೆಂಟ್. ಇದನ್ನು 200 ಮೈಕ್ರೊಲೀಟರ್ ಹಾಕುತ್ತಲೇ ಎಸ್‌ಡಿಎಸ್ ಕೋಶದ ಪೊರೆಯ ಕೊಬ್ಬನ್ನು ಕರಗಿಸಿ, ಪ್ರೋಟೀನುಗಳ ಮಡಿಕೆ ಬಿಚ್ಚುತ್ತದೆ. ಸೋಡಾ ಪಿಎಚ್ ಅನ್ನು 12ರಿಂದ 12.5ರ ಆಸುಪಾಸಿಗೆ ಏರಿಸಿ ಡಿಎನ್‌ಎಯ ಎಳೆಗಳನ್ನು ಬಿಡಿಸುತ್ತದೆ. ಮಸುಕಾಗಿದ್ದ ದ್ರವ ಕಣ್ಣೆದುರೇ ತಿಳಿಯಾಗುತ್ತದೆ, ಜೊತೆಗೆ ಲೋಳೆ ಲೋಳೆಯಾಗುತ್ತದೆ. ಟ್ಯೂಬನ್ನು ವಾರೆ ಮಾಡಿದರೆ ಎಲ್ಲವೂ ಒಂದೇ ಮುದ್ದೆಯಾಗಿ ಜಾರುತ್ತದೆ. ಆ ಲೋಳೆಯೇ ವರ್ಣತಂತು.

“ಮೇಡಂ, ಇದನ್ನೂ ವೋರ್ಟೆಕ್ಸ್ ಮಾಡ್ಲಾ?” ಎಂದು ಯಾರಾದರೂ ಕೇಳುವುದು ಇಲ್ಲೇ. ಮಾಡಬಾರದು. ಟ್ಯೂಬನ್ನು ಮೆಲ್ಲಗೆ ನಾಲ್ಕಾರು ಸಲ ತಲೆಕೆಳಗೆ ಮಾಡಿದರೆ ಸಾಕು. ಜೋರಾಗಿ ಅಲುಗಾಡಿಸಿದರೆ ವರ್ಣತಂತು ಚೂರುಚೂರಾಗುತ್ತದೆ, ಸಣ್ಣ ಚೂರುಗಳು ಮುಂದೆ ಕಸದ ಜೊತೆ ಕೆಳಗೆ ಕೂರದೆ ಪ್ಲಾಸ್ಮಿಡ್‌ನ ಜೊತೆಗೇ ಮೇಲೆ ಉಳಿದುಬಿಡುತ್ತವೆ. ಹೊತ್ತೂ ಅಷ್ಟೇ ಮುಖ್ಯ. ಐದು ನಿಮಿಷ ದಾಟಬಾರದು ಎನ್ನುತ್ತಾರೆ. ಕ್ಷಾರದಲ್ಲಿ ಹೆಚ್ಚು ಹೊತ್ತು ನೆನೆದರೆ ಪ್ಲಾಸ್ಮಿಡ್‌ನ ಎಳೆಗಳೂ ಪೂರ್ತಿ ಸಡಿಲಗೊಂಡು, ಮತ್ತೆ ಜೋಡಿಯಾಗುವಾಗ ತಪ್ಪು ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ. ಆ ಗೋಜಲು ಬಿಡಿಸಲು ಬರುವುದಿಲ್ಲ. ಇನ್ನೊಂದು ಮಾತು: ಈ ದ್ರಾವಣವನ್ನು ಆಗಾಗ್ಗೆ ಹೊಸದಾಗಿ ಬೆರೆಸಿಕೊಳ್ಳಬೇಕು. ಮುಚ್ಚಳ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಸೋಡಾದ ಖಾರ ಇಳಿದುಹೋಗುತ್ತದೆ. ಚಳಿಯಲ್ಲಿಟ್ಟರೆ ಎಸ್‌ಡಿಎಸ್ ಬಿಳಿಯಾಗಿ ತಳ ಸೇರುತ್ತದೆ. ಪ್ಲಾಸ್ಮಿಡ್ ಸಿಗದಿದ್ದಾಗ ಮೊದಲು ಅನುಮಾನಿಸಬೇಕಾದ್ದು ಇದೇ ಬಾಟಲಿಯನ್ನು.

ಮೂರನೆಯದು, ತಣ್ಣಗಿನ ಪೊಟ್ಯಾಸಿಯಂ ಅಸಿಟೇಟ್, 150 ಮೈಕ್ರೊಲೀಟರ್. ನನ್ನ ಮಟ್ಟಿಗೆ ಇಡೀ ವಿಧಾನದಲ್ಲಿ ಅತಿ ಚೆಂದದ ಕೆಲಸ ಇದರದ್ದೇ. ಇದರಲ್ಲಿರುವ ಅಸಿಟಿಕ್ ಆಮ್ಲ ಕ್ಷಾರವನ್ನು ಒಂದೇ ಏಟಿಗೆ ಇಳಿಸುತ್ತದೆ. ಪ್ಲಾಸ್ಮಿಡ್ ಸುಮ್ಮನೆ ತನ್ನ ಜೋಡಿಗೆ ಮರಳುತ್ತದೆ, ವರ್ಣತಂತುವಿನ ಉದ್ದುದ್ದ ಎಳೆಗಳು ಸಿಕ್ಕಸಿಕ್ಕಲ್ಲಿ ಅಂಟಿಕೊಂಡು ಬಲೆಯಾಗುತ್ತವೆ. ಇದು ಒಂದು ಕೆಲಸ. ಇನ್ನೊಂದು ಕೆಲಸ ಪೊಟ್ಯಾಸಿಯಂನದು. ಎಸ್‌ಡಿಎಸ್ ಸೋಡಿಯಂ ಲವಣವಾಗಿರುವಾಗ ನೀರಿನಲ್ಲಿ ಕರಗುತ್ತದೆ. ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಬಂತೋ, ಕರಗುವುದಿಲ್ಲ. ತನಗೆ ಅಂಟಿಕೊಂಡ ಪ್ರೋಟೀನುಗಳನ್ನೂ ವರ್ಣತಂತುವಿನ ಬಲೆಯನ್ನೂ ಎಳೆದುಕೊಂಡೇ ಅದು ಬಿಳಿ ಚರಟವಾಗಿ ಬೇರ್ಪಡುತ್ತದೆ. ಬರ್ನ್‌ಬೋಯಿಮ್, ಡೋಲಿ ಬಳಸಿದ್ದು ಸೋಡಿಯಂ ಅಸಿಟೇಟ್. ಪೊಟ್ಯಾಸಿಯಂ ಬಂದದ್ದು ಆಮೇಲಿನವರ ಕೈಯಲ್ಲಿ. ಸಣ್ಣ ಬದಲಾವಣೆ, ಆದರೆ ಡಿಟರ್ಜೆಂಟನ್ನು ತೊಲಗಿಸುವ ತಲೆನೋವು ಅದರಿಂದಲೇ ಕಳೆಯಿತು.

ಐಸ್‌ನಲ್ಲಿ ಐದು ನಿಮಿಷ ಇಟ್ಟು ತಿರುಗಿಸಿದರೆ ಚರಟ ಕೆಳಗೆ, ತಿಳಿ ಮೇಲೆ. ಈ ಸಲ ಎಸೆಯಬೇಕಾದ್ದು ಪೆಲೆಟ್, ಉಳಿಸಬೇಕಾದ್ದು ತಿಳಿ. ಅಭ್ಯಾಸಬಲದಿಂದ ತಿಳಿಯನ್ನೇ ಸಿಂಕಿಗೆ ಸುರಿದವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ತಿಳಿಗೆ ಎರಡರಷ್ಟು ಎಥನಾಲ್ ಸೇರಿಸಿದರೆ ಉಪ್ಪಿನ ಸಮ್ಮುಖದಲ್ಲಿ ಡಿಎನ್‌ಎ ಕರಗಿ ನಿಲ್ಲಲಾರದೆ ಕೆಳಗಿಳಿಯುತ್ತದೆ. ಅದನ್ನು 70 ಶೇಕಡಾ ಎಥನಾಲ್‌ನಲ್ಲಿ ತೊಳೆದು ಉಪ್ಪು ಕಳೆದು, ಒಣಗಿಸಿ, 50 ಮೈಕ್ರೊಲೀಟರ್ ಬಫರ್‌ನಲ್ಲಿ ಕರಗಿಸುತ್ತಾರೆ. ಬಫರ್‌ಗೆ ಆರ್‌ಎನ್‌ಎಸ್ ಎಂಬ ಕಿಣ್ವ ಸೇರಿಸಿರಬೇಕು. ಕೋಶದ ಆರ್‌ಎನ್‌ಎ ಪ್ಲಾಸ್ಮಿಡ್ ಜೊತೆಗೇ ಬಂದಿರುತ್ತದೆ, ಅದನ್ನು ತಿಂದು ಮುಗಿಸುವುದು ಈ ಕಿಣ್ವ.

ಬಂದದ್ದು ಪ್ಲಾಸ್ಮಿಡ್ಡೇ ಎಂದು ನಂಬುವುದು ಹೇಗೆ? ಸ್ಪೆಕ್ಟ್ರೊಫೋಟೊಮೀಟರ್‌ಗೆ ಹಾಕಿದರೆ ಒಂದು ಅಂಕಿ ಕೊಡುತ್ತದೆ. ಆದರೆ ಆ ಯಂತ್ರಕ್ಕೆ ಪ್ಲಾಸ್ಮಿಡ್, ವರ್ಣತಂತು, ಆರ್‌ಎನ್‌ಎ ಎಲ್ಲ ಒಂದೇ. ಆರ್‌ಎನ್‌ಎ ತುಂಬಿದ ಸ್ಯಾಂಪಲ್ ಕೊಟ್ಟರೆ ದೊಡ್ಡ ಅಂಕಿ ತೋರಿಸಿ ಮೋಸ ಮಾಡುತ್ತದೆ. ಜೆಲ್ ಹಾಗೆ ಮೋಸ ಮಾಡುವುದಿಲ್ಲ.

100 ಮಿಲೀಲೀಟರ್ ಬಫರ್‌ಗೆ ಒಂದು ಗ್ರಾಂ ಅಗರೋಸ್ ಹಾಕಿ ಕುದಿಸಿ, ಅಚ್ಚಿಗೆ ಸುರಿದು ಬಾಚಣಿಗೆ ನಿಲ್ಲಿಸಿದರೆ, ಆರಿದ ಮೇಲೆ ಸಾಲಾಗಿ ಗುಳಿಗಳಿರುವ ಜೆಲ್ ಸಿದ್ಧ. ಗುಳಿಗೆ ಸ್ಯಾಂಪಲ್ ತುಂಬಿ ಕರೆಂಟ್ ಹಾಯಿಸಿದರೆ ಋಣ ವಿದ್ಯುದಂಶದ ಡಿಎನ್‌ಎ ಧನ ತುದಿಯತ್ತ ಜೆಲ್‌ನ ರಂಧ್ರಗಳಲ್ಲಿ ತೂರಿಕೊಂಡು ಸಾಗುತ್ತದೆ. ಎಥಿಡಿಯಂ ಬ್ರೋಮೈಡ್ ಎಂಬ ಬಣ್ಣ ಡಿಎನ್‌ಎಗೆ ಅಂಟಿ, ನೇರಳಾತೀತ ಬೆಳಕಿನಲ್ಲಿ ಕಿತ್ತಳೆ ಬಣ್ಣದ ಪಟ್ಟಿಯಾಗಿ ಹೊಳೆಯುತ್ತದೆ. ನಮ್ಮ ಡಿಎನ್‌ಎಗೂ ಅಂಟಬಲ್ಲದು, ಹಾಗಾಗಿ ಕೈಗವಸು ಹಾಕಿಯೇ ಮುಟ್ಟಬೇಕು. ಸ್ಯಾಂಪಲ್ ಗುಳಿಯಲ್ಲಿ ಕೂರದೆ ಮೇಲಕ್ಕೆ ತೇಲಿಹೋದರೆ ಎಥನಾಲ್ ಪೂರ್ತಿ ಆರಿಲ್ಲ ಎಂದರ್ಥ.

ಕತ್ತರಿಸದ ಪ್ಲಾಸ್ಮಿಡ್ ಒಂದೇ ಆದರೂ ಪಟ್ಟಿಗಳು ಎರಡು ಮೂರು ಕಾಣುತ್ತವೆ. ಗಾಬರಿಯಾಗಬೇಕಿಲ್ಲ. ಒಂದೇ ಉದ್ದದ ಡಿಎನ್‌ಎ ಬೇರೆ ಬೇರೆ ಆಕಾರದಲ್ಲಿದೆ, ಅಷ್ಟೆ. ತನ್ನ ಮೇಲೇ ಬಿಗಿಯಾಗಿ ತಿರುಚಿಕೊಂಡ ಸೂಪರ್‌ಕಾಯಿಲ್ಡ್ ರೂಪ ಗಿಡ್ಡವಾಗಿ ಒತ್ತೊತ್ತಾಗಿರುವುದರಿಂದ ಎಲ್ಲಕ್ಕಿಂತ ಮುಂದೆ ಓಡುತ್ತದೆ. ಒಂದು ಎಳೆಯಲ್ಲಿ ಸಣ್ಣ ಕಡಿತವಾದರೂ ತಿರುಚು ಬಿಚ್ಚಿಕೊಂಡು ಅಗಲವಾದ ಸಡಿಲ ಉಂಗುರವಾಗುತ್ತದೆ, ಅದು ಹಿಂದೆ ಉಳಿಯುತ್ತದೆ. ಎರಡೂ ಎಳೆ ಕತ್ತರಿಸಿ ನೇರವಾದದ್ದು ಸಾಮಾನ್ಯವಾಗಿ ಇವೆರಡರ ನಡುವೆ. ಪಕ್ಕದ ಗುಳಿಯಲ್ಲಿ ಹಾಕುವ ಅಳತೆಯ ಲ್ಯಾಡರ್ ನೇರ ಡಿಎನ್‌ಎ ತುಂಡುಗಳದ್ದು. ಅದಕ್ಕೆ ಹೋಲಿಸಿದರೆ 2,686ರ ಪಿಯುಸಿ19, ಕತ್ತರಿಸದಿದ್ದಾಗ, ಸುಮಾರು 2,000ದ ಬಳಿ ಕಾಣುತ್ತದೆ. ಅದನ್ನು ನೋಡಿ ಪ್ಲಾಸ್ಮಿಡ್ ಚಿಕ್ಕದಾಗಿದೆ ಎಂದುಕೊಳ್ಳುವುದು ತಪ್ಪು. ಕತ್ತರಿಸದ ಪ್ಲಾಸ್ಮಿಡ್‌ನ ಅಳತೆಯನ್ನು ಲ್ಯಾಡರ್‌ನಿಂದ ಓದಲೇಬಾರದು.

ಹಿಂದಿನ ತಪ್ಪುಗಳೂ ಇಲ್ಲೇ ಬೆಳಕಿಗೆ ಬರುತ್ತವೆ. ಗುಳಿಯ ಹತ್ತಿರ ದಪ್ಪ ಪಟ್ಟಿ ಅಥವಾ ಅಲ್ಲಿಂದ ಕೆಳಕ್ಕೆ ಇಳಿದ ಮಸುಕು ಇದ್ದರೆ ಟ್ಯೂಬನ್ನು ಜೋರಾಗಿ ಅಲುಗಾಡಿಸಿದ್ದಾರೆ. ಜೆಲ್‌ನ ತುದಿಯಲ್ಲಿ ಮಂಜಿನಂಥ ಹೊಳಪು ಕಂಡರೆ ಅದು ಉಳಿದ ಆರ್‌ಎನ್‌ಎ. ಸೂಪರ್‌ಕಾಯಿಲ್ಡ್ ಪಟ್ಟಿಗಿಂತಲೂ ಮುಂದೆ ಒಂದು ಪೇಲವ ಪಟ್ಟಿ ಓಡಿದ್ದರೆ, ಐದು ನಿಮಿಷ ದಾಟಿದೆ.

ಒಂದು ಉದಾಹರಣೆ ಹಿಡಿಯೋಣ. ಪಿಯುಸಿ19ಕ್ಕೆ 1,200 ಬೇಸ್ ಜೋಡಿಯ ಜೀನೊಂದನ್ನು ಇಕೋಆರ್1 ಮತ್ತು ಹಿಂಡ್3 ಕಿಣ್ವಗಳ ಜಾಗದಲ್ಲಿ ಸೇರಿಸಿದ್ದಾರೆ, ನಾಲ್ಕು ಕಾಲನಿಗಳಿಂದ ಪ್ಲಾಸ್ಮಿಡ್ ತೆಗೆದು ಅದೇ ಎರಡು ಕಿಣ್ವಗಳಿಂದ ಕತ್ತರಿಸಿ ಜೆಲ್‌ಗೆ ಹಾಕಿದ್ದಾರೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಸುಮಾರು 2,600ರ ಒಂದೇ ಪಟ್ಟಿ: ಜೀನ್ ಸೇರಿಲ್ಲ, ಬರಿ ಪ್ಲಾಸ್ಮಿಡ್ ಮುಚ್ಚಿಕೊಂಡಿದೆ. ಎರಡನೆಯದರಲ್ಲಿ 2,600 ಮತ್ತು 1,200: ಬೇಕಾದದ್ದು ಇದೇ. ಕೆಳಗಿನ ಪಟ್ಟಿ ಮಂಕಾಗಿದ್ದರೆ ಅನುಮಾನ ಬೇಡ. ಎರಡು ತುಂಡುಗಳ ಸಂಖ್ಯೆ ಸಮ, ಆದರೆ ಹೊಳಪು ಉದ್ದಕ್ಕೆ ತಕ್ಕಂತೆ. 1,200ರ ತುಂಡು 2,600ರದ್ದರ ಅರ್ಧಕ್ಕಿಂತಲೂ ಕಡಿಮೆ ಬಣ್ಣ ಹಿಡಿಯುತ್ತದೆ. ಮೂರನೆಯದರಲ್ಲಿ ಈ ಎರಡರ ಜೊತೆಗೆ 3,800ರದ್ದೂ ಇದೆ: ಜೀನ್ ಇದೆ, ಕಿಣ್ವದ ಕೆಲಸ ಅರ್ಧಕ್ಕೇ ನಿಂತಿದೆ. ನಾಲ್ಕನೆಯದರಲ್ಲಿ ಇದೇ ಎರಡು ಪಟ್ಟಿಗಳ ಜೊತೆ ಮುಂದೆ ಓಡಿದ ಆ ಪೇಲವ ಪಟ್ಟಿ ಕತ್ತರಿಸದೆ ಹಾಗೇ ಉಳಿದಿದೆ: ಕ್ಷಾರದಲ್ಲಿ ಗೋಜಲಾದ ಡಿಎನ್‌ಎ, ಕಿಣ್ವಕ್ಕೆ ಅಲ್ಲಿ ತನ್ನ ಜಾಗ ಗುರುತೇ ಸಿಗುವುದಿಲ್ಲ.

ಜೆಲ್ ಹೇಳುವುದು ಉದ್ದವನ್ನಷ್ಟೆ. ಆ 1,200ರೊಳಗೆ ಒಂದು ಅಕ್ಷರ ತಪ್ಪಿದ್ದರೆ ಅದಕ್ಕೆ ಕಾಣದು. ಹಾಗಾಗಿ ಎರಡನೆಯ ಟ್ಯೂಬನ್ನು ಸೀಕ್ವೆನ್ಸಿಂಗ್‌ಗೆ ಕಳಿಸುತ್ತಾರೆ, ಮೂರನೆಯದನ್ನು ಇನ್ನಷ್ಟು ಹೊತ್ತು ಕಿಣ್ವದಲ್ಲಿಟ್ಟು ಮತ್ತೆ ನೋಡುತ್ತಾರೆ.